ಅಪ್‌ಡೇಟ್: ಮರಾಠಿ ಓವಿ ಕೊನೆಗೂ ಕನ್ನಡದಲ್ಲಿ ಹಾಡಲು ಬಂತು

ನನ್ನ ಪ್ರಶ್ನೆ: ಅಜ್ಜಿಯ ಮರಾಠಿ ಓವಿ ಇರುವ ಹಾಳೆಯ ಫೋಟೋ ಸಿಕ್ಕಿದೆ. ಕನ್ನಡಕ್ಕೆ ತರುವಾಗ ಅರ್ಥ ಹಿಡಿಯಲೋ, ಲಯವೋ, ಭಾವವೋ?

ತ್ರಿಪದಿಗೆ ಹಾಕಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಎರಡೂ ಬೀಸುವಾಗ ಹಾಡುವ ಪದಗಳೇ ಅಲ್ವಾ! ಅಕ್ಷರ ಎಣಿಸಿ ಸಾಲಿಗೆ ಸಾಲು ಕೂರಿಸುವ ಸಲಹೆ ಮಾತ್ರ ನಡೆಯಲಿಲ್ಲ. ಅರ್ಥ ಉಳಿಯಿತು, ಹಾಡಲು ಉಸಿರು ಸಾಲಲಿಲ್ಲ. ತ್ರಿಪದಿಯ ಅಂಶಗಣದಲ್ಲಿ ಅಕ್ಷರ ಎಳೆದು ಹಾಡಬಹುದು. ಹಾಗಾಗಿ ತವರಿನ ದಾರಿ, ಅಣ್ಣ ಬರುವ ಸುದ್ದಿ ಉಳಿಸಿಕೊಂಡೆ, ಸುಮ್ನೆ ಬಣ್ಣನೆಗೆ ಬಂದ ಮಾತು ಬಿಟ್ಟೆ. ಎರಡನೇ ಅಕ್ಷರದ ಪ್ರಾಸಕ್ಕೆ ಜಾಸ್ತಿ ಹಟ ಮಾಡಲಿಲ್ಲ.

ನನಗೆ ಗೊತ್ತಿಲ್ಲದ್ದು ಒಂದಿತ್ತು. ಫ್ಲ್ಯಾಶ್ ಬೆಳಕಿಗೆ ಅನುಸ್ವಾರದ ಚುಕ್ಕಿಗಳು ಅಳಿಸಿಹೋಗಿದ್ದವು. ಮರಾಠಿಯಲ್ಲಿ ‘ಘರಾಂತ’ದ ಚುಕ್ಕಿ ಹೋದರೆ ‘ಮನೆಗಳಲ್ಲಿ’ ಎಂಬುದು ‘ಮನೆಯಲ್ಲಿ’ ಆಗುತ್ತದೆ. ಫ್ಲ್ಯಾಶ್ ಇಲ್ಲದೆ, ಕಿಟಕಿ ಬೆಳಕಲ್ಲಿ ಮತ್ತೆ ಫೋಟೋ ತೆಗೆಸಿದ ಮೇಲೆ ಎಲ್ಲ ಕಂಡವು.