ವಿಮಾನ ರದ್ದು, ಕಾಲ್ ರೆಕಾರ್ಡಿಂಗ್ ಇದೆ: ರೀಫಂಡ್ ಕ್ಲೇಮಿಗೆ ಹೇಗೆ ಬರೆದಿರಿ? ಅನುಭವ ಹೇಳಿ

ಕೇಳಿದವರು: ವಿಮಾನವನ್ನು ಏರ್‌ಲೈನ್‌ನವರೇ ರದ್ದು ಮಾಡಿದರು. ಕಸ್ಟಮರ್ ಕೇರ್ ಜೊತೆ 23 ನಿಮಿಷ ಮಾತಾಡಿದ್ದು ರೆಕಾರ್ಡ್ ಆಗಿದೆ. ದುಡ್ಡು ಯಾವಾಗ ಬರುತ್ತೆ ಅನ್ನೋದನ್ನು ಆಕೆ ಒಂದೇ ಕಾಲಿನಲ್ಲಿ ಮೂರು ರೀತಿ ಹೇಳಿದ್ದಾರೆ. ಅದನ್ನು ಒಂದು ಪುಟದ ಸಾರಾಂಶ ಮಾಡಿ ಕ್ಲೇಮಿಗೆ ಹಾಕಬೇಕು. ಮಾಡಿದವರು ಹೇಳಿ.

ಕಿಟಕಿ ಸೀಟು: ನಾನು ಮೊದಲ ಸಲ ಮಾಡಿ ಕೈಸುಟ್ಟುಕೊಂಡಿದ್ದೇನೆ, ಅದನ್ನೇ ಹೇಳ್ತೀನಿ. ನನ್ನ ಕಾಲ್ 27 ನಿಮಿಷ, ಅದರಲ್ಲಿ 14 ನಿಮಿಷ ಬರೀ ಹೋಲ್ಡ್ ಸಂಗೀತ. ಸಿಟ್ಟಿನಲ್ಲಿ ಕೂತು "7 ದಿನದಲ್ಲಿ ದುಡ್ಡು ಕೊಡ್ತೀವಿ ಅಂದಿದ್ದೀರಿ" ಅಂತ ಬರೆದು ಕಳಿಸಿದೆ. ಆತ ಹೇಳಿದ್ದು ಹಾಗಲ್ಲ. 48 ಗಂಟೆಯಲ್ಲಿ ಅಪ್ರೂವಲ್, ಅದಾದ ಮೇಲೆ 7ರಿಂದ 10 ವರ್ಕಿಂಗ್ ಡೇಸ್, ಅದಾದ ಮೇಲೆ ಬ್ಯಾಂಕಿನವರು ಇನ್ನೂ 5 ವರ್ಕಿಂಗ್ ಡೇಸ್ ತಗೋಬಹುದು ಅಂದಿದ್ದ. "ನಾವು ಹಾಗೆ ಹೇಳಿಯೇ ಇಲ್ಲ" ಅಂತ ಒಂದು ಸಾಲು ಉತ್ತರ ಬಂತು, ಕೇಸ್ ಕ್ಲೋಸ್. ತಪ್ಪು ನನ್ನದೇ, ಅದಕ್ಕೇ ಇನ್ನೂ ಉರಿಯುತ್ತೆ. ಮತ್ತೆ ತೆರೆಸೋಕೆ 19 ದಿನ ಹೋಯ್ತು.

ಎರಡನೇ ಸಲ ಪ್ರತಿ ಮಾತಿಗೂ ಗಡಿಯಾರ ಎಲ್ಲಿಂದ ಶುರುವಾಗುತ್ತೆ ಅಂತ ಬರೆದೆ. ಕಾಲ್ ಆಗಿದ್ದು ಮಾರ್ಚ್ 3, ಮಂಗಳವಾರ. 48 ಗಂಟೆ ಅಂದರೆ 5, ಗುರುವಾರ. ಮಾರನೇ ದಿನದಿಂದ ಎಣಿಸಿ, ಶನಿವಾರ ಭಾನುವಾರ ಬಿಟ್ಟರೆ ಹತ್ತನೇ ದಿನ ಬರೋದು 19ಕ್ಕೆ. ಬ್ಯಾಂಕಿನ ಐದು ದಿನ ಸೇರಿದರೆ 26. ನಾನು ಹಾಕಿದ್ದು ಇಷ್ಟೇ:

"06:40 – 'ಕ್ಯಾನ್ಸಲೇಷನ್ ನಮ್ಮ ಕಡೆಯಿಂದಲೇ, ಪೂರ್ತಿ ರೀಫಂಡ್ ಸಿಗುತ್ತೆ.' 09:12 – 'ನಲವತ್ತೆಂಟು ಗಂಟೆಯಲ್ಲಿ ಅಪ್ರೂವ್ ಆಗುತ್ತೆ.' ಅಂದರೆ ಮಾರ್ಚ್ 5. 09:31 – 'ಅಪ್ರೂವ್ ಆದ ಮೇಲೆ ಏಳರಿಂದ ಹತ್ತು ವರ್ಕಿಂಗ್ ಡೇಸ್.' ಅಂದರೆ ಮಾರ್ಚ್ 19. 22:05 – ಸರ್ವಿಸ್ ರಿಕ್ವೆಸ್ಟ್ ನಂಬರ್ ಕೊಟ್ಟರು. ಮಾರ್ಚ್ 26ರವರೆಗೂ ಖಾತೆಗೆ ಹಣ ಬಂದಿಲ್ಲ."

ಮೇಲ್ಗಡೆ ಪಿಎನ್‌ಆರ್, 13 ಅಂಕಿಯ ಟಿಕೆಟ್ ನಂಬರ್, ಯಾವ ಕಾರ್ಡಿನಿಂದ ಕಟ್ಟಿದ್ದು. ಆತ "ನಾನು ಟ್ರೈ ಮಾಡ್ತೀನಿ" ಅಂದಿದ್ದನ್ನು ಒಂದನ್ನೂ ಸೇರಿಸಲಿಲ್ಲ. ಅದು ಮಾತು ಕೊಟ್ಟಂತಲ್ಲ, ಸೇರಿಸಿದರೆ ಕೊಟ್ಟ ಮಾತಿನ ತೂಕವೂ ಇಳಿಯುತ್ತೆ.

ಹನ್ನೊಂದು ಪುಟ: ನಾನು ಒಪ್ಪಲ್ಲ. ಆರಿಸಿ ಆರಿಸಿ ನಾಲ್ಕು ಸಾಲು ಹಾಕಿದರೆ ಸಂದರ್ಭ ಕಿತ್ತಿದ್ದೀರಿ ಅಂತಾರೆ. ನಾನು ಎರಡು ರಾತ್ರಿ ಕೂತು ಹಲೋ ಇಂದ ಥ್ಯಾಂಕ್ಯೂ ತನಕ 11 ಪುಟ ಟೈಪ್ ಮಾಡಿದೆ. ದುಡ್ಡು ಬಂತು! ಇನ್ನೊಂದು, ಇಷ್ಟು ಲೆಕ್ಕ ಯಾಕೆ? ವಿಮಾನ ರದ್ದಾದರೆ 7 ದಿನದಲ್ಲಿ ಕೊಡಲೇಬೇಕು ಅಂತ ರೂಲ್ ಇದೆ. ಅದನ್ನು ಬರೆದರೆ ಮುಗೀತು.

ಕಿಟಕಿ ಸೀಟು: ಯಾವ ರೂಲ್ ಸ್ವಾಮಿ? ಎಲ್ಲಾ ಕಡೆ ಒಂದೇ ರೂಲ್ ಇಲ್ಲ. ಯುರೋಪಿಯನ್ ಯೂನಿಯನ್ನಿನ 261/2004 ನಿಯಮದಲ್ಲಿ 7 ದಿನ ಅಂತಿದೆ, ಆದರೆ ಅದು ಅಲ್ಲಿಂದ ಹೊರಡುವ ವಿಮಾನಕ್ಕೆ, ಇಲ್ಲವೇ ಅಲ್ಲಿನ ಕಂಪನಿಯೇ ಅಲ್ಲಿಗೆ ಹಾರಿಸುವ ವಿಮಾನಕ್ಕೆ ಮಾತ್ರ. ಅಮೆರಿಕದಲ್ಲಿ ಕಾರ್ಡಿಗೆ 7 ಬಿಸಿನೆಸ್ ಡೇಸ್, ಬೇರೆ ರೀತಿ ಕಟ್ಟಿದ್ದರೆ 20 ದಿನ. ಇವರ ವಿಮಾನ ಎಲ್ಲಿಂದ ಎಲ್ಲಿಗೆ ಅಂತ ಕೇಳಿದಿರಾ? ನಿಮ್ಮ 11 ಪುಟ ಯಾರಾದರೂ ಓದಿದ್ದರು ಅಂತ ಯಾರು ಹೇಳಿದರು?

ಹನ್ನೊಂದು ಪುಟ: ಓದದೆ ದುಡ್ಡು ಕೊಟ್ಟರಾ? ನಿಮಗಿಂತ ಬೇಗ ಬಂದಿದೆ ಅನ್ನೋದೇ ಹೊಟ್ಟೆಕಿಚ್ಚು.

ಬಾಡಿದ ಬೋರ್ಡಿಂಗ್ ಪಾಸ್: ರೆಕಾರ್ಡಿಂಗ್ ಇದ್ದವರು ಪುಣ್ಯವಂತರು. ನಾನು ಟಿಕೆಟ್ ತಗೊಂಡಿದ್ದು ಬುಕಿಂಗ್ ಸೈಟಿನಲ್ಲಿ. ಏರ್‌ಲೈನ್‌ಗೆ ಕರೆ ಮಾಡಿದರೆ "ದುಡ್ಡು ಏಜೆಂಟಿಗೆ ಹೋಗಿದೆ", ಏಜೆಂಟಿಗೆ ಮಾಡಿದರೆ "ಏರ್‌ಲೈನ್‌ನಿಂದ ಬಂದಿಲ್ಲ". ಆರು ಕಾಲ್, ಒಟ್ಟು 3 ಗಂಟೆ 10 ನಿಮಿಷ, ಎಲ್ಲದರ ಸಮಯ ಬರೆದಿಟ್ಟಿದ್ದೇನೆ. ಕೊನೆಗೆ "ಪ್ರೊಸೆಸ್ ಆಗಿದೆ" ಅಂದರು. ಎರಡು ತಿಂಗಳು ಅದನ್ನೇ ನಂಬಿ ಕೂತೆ.

ಕೌಂಟರ್ 4: ಪ್ರೊಸೆಸ್ ಆಗಿದೆ ಅಂದ ಕೂಡಲೇ ಎಆರ್‌ಎನ್ ಕೇಳಬೇಕಿತ್ತು. ಕಾರ್ಡಿಗೆ ನಿಜಕ್ಕೂ ಕಳಿಸಿದ್ದರೆ 23 ಅಂಕಿಯ ನಂಬರ್ ಇರುತ್ತೆ, ಅದನ್ನು ಕೊಟ್ಟರೆ ಬ್ಯಾಂಕಿನವರು ಹುಡುಕುತ್ತಾರೆ. ಕೊಡೋಕೆ ತಡವರಿಸಿದರೆ ಅವರಿನ್ನೂ ಕಳಿಸಿಲ್ಲ ಅಂತಲೇ ನಾನು ಲೆಕ್ಕ ಹಾಕೋದು. ನಾನು ಸಾರಾಂಶದ ಕೊನೆಗೆ ಇದೊಂದನ್ನೇ ಕೇಳಿದ್ದೆ: "ಹಣ ಕಳಿಸಿದ ದಿನ, ಮೊತ್ತ, ಎಆರ್‌ಎನ್ ತಿಳಿಸಿ." ಆದರೆ ನನಗೂ ಪೂರ್ತಿ ಬರಲಿಲ್ಲ. ಸೀಟು, ಎಕ್ಸ್‌ಟ್ರಾ ಬ್ಯಾಗಿನ ದುಡ್ಡಿಗೆ ಟಿಕೆಟ್ಟಿನದ್ದಲ್ಲ, ಬೇರೆಯೇ ಡಾಕ್ಯುಮೆಂಟ್ ನಂಬರ್ ಇತ್ತು. ಕಾಲಿನಲ್ಲಿ ಆಕೆ "ಎಲ್ಲಾ ಬರುತ್ತೆ ಸರ್" ಅಂದಿದ್ದರು, ನಾನು ಅದನ್ನೇ ಬರೆದೆ. ಬಂದಿದ್ದು ಟಿಕೆಟ್ಟಿನದ್ದು ಮಾತ್ರ. ಆ ಎಲ್ಲಾದಲ್ಲಿ ಏನೇನಿದೆ ಅಂತ ಕಾಲಿನಲ್ಲೇ ಬಾಯಿ ಬಿಡಿಸಬೇಕಿತ್ತು.

ಗೇಟ್ ಬದಲಾಗಿದೆ: ಯಾರೂ ಹೇಳದ ಮಾತು: ರೆಕಾರ್ಡ್ ಮಾಡೋದೇ ಕಾನೂನುಬಾಹಿರ. ಒಳಗೆ ಹಾಕ್ತಾರೆ, ಹುಷಾರು.

ಹನ್ನೊಂದು ಪುಟ: ಅವರು "ಈ ಕರೆ ರೆಕಾರ್ಡ್ ಆಗುತ್ತಿದೆ" ಅಂತ ಮೊದಲೇ ಹೇಳಲ್ವಾ? ಅವರಿಗೊಂದು ನ್ಯಾಯ ನಮಗೊಂದಾ?

ಕಿಟಕಿ ಸೀಟು: ಇದು ಊರೂರಿಗೆ ಬೇರೆ. ಕೆಲವು ಕಡೆ ಮಾತಾಡುವವರಲ್ಲಿ ಒಬ್ಬರು ಒಪ್ಪಿದ್ದರೆ ಸಾಕು, ಕೆಲವು ಕಡೆ ಇಬ್ಬರೂ ಒಪ್ಪಬೇಕು. ಅದಕ್ಕೇ ನಾನು ಆಡಿಯೋ ಕಳಿಸಲೇ ಇಲ್ಲ. "ಮಾರ್ಚ್ 3, ಬೆಳಿಗ್ಗೆ 11:18ಕ್ಕೆ ಶುರುವಾದ ಕರೆ, ನಿಮ್ಮಲ್ಲಿರುವ ರೆಕಾರ್ಡಿಂಗ್ ತೆಗೆದು ಕೇಳಿ, ಅಳಿಸಬೇಡಿ" ಅಂತ ಬರೆದೆ. ನನ್ನ ಫೈಲು ಮುಟ್ಟದೆ ಹಾಗೇ ಇದೆ, ಹೋಲ್ಡ್ ಸಂಗೀತವನ್ನೂ ಕತ್ತರಿಸಿಲ್ಲ. ಕತ್ತರಿಸಿದರೆ ನಿಮಿಷಗಳು ಅವರ ರೆಕಾರ್ಡಿಂಗ್‌ಗೆ ತಾಳೆ ಆಗಲ್ಲ.

ಮಧ್ಯದ ಸೀಟು: ನಾನು ಕಳಕೊಂಡಿದ್ದು ಒಂದು "ಸರಿ" ಇಂದ. 12ನೇ ನಿಮಿಷದಲ್ಲಿ ಆತ "ಕ್ರೆಡಿಟ್ ವೋಚರ್ ಆದರೆ ಇವತ್ತೇ ಹಾಕ್ತೀನಿ" ಅಂದ, ನಾನು ಕೇಳಿಸ್ತಿದೆ ಅನ್ನೋ ಅರ್ಥದಲ್ಲಿ "ಹ್ಞೂ, ಸರಿ" ಅಂದೆ. ವೋಚರ್ ಬಂತು. ಸಾರಾಂಶದಲ್ಲಿ ಆ ಭಾಗ ಬಿಟ್ಟು ಬರೆದೆ, ಅವರು ಅದನ್ನೇ ಹಿಡಿದರು. ಅವರಲ್ಲೂ ರೆಕಾರ್ಡಿಂಗ್ ಇದೆ ಅನ್ನೋದು ಮರೆತಿದ್ದೆ. 16ನೇ ನಿಮಿಷದಲ್ಲಿ ನಾನು "ವೋಚರ್ ಬೇಡ, ಕಾರ್ಡಿಗೇ ಹಾಕಿ" ಅಂದಿದ್ದೂ ಇತ್ತು! ಎರಡನ್ನೂ ಒಟ್ಟಿಗೆ ಇಟ್ಟಿದ್ದರೆ ಗೆಲ್ಲುತ್ತಿದ್ದೆನೋ ಏನೋ. ಇನ್ನೊಂದು, ಫೋನೇ ಟೈಪ್ ಮಾಡಿಕೊಟ್ಟಿದ್ದರಲ್ಲಿ "ಫಿಫ್ಟೀನ್ ಡೇಸ್" ಹೋಗಿ "ಫಿಫ್ಟಿ ಡೇಸ್" ಆಗಿತ್ತು. ನಾನೇ 50 ದಿನ ಅಂತ ಬರೆದು ಕೊಟ್ಟೆ.

ಬಾಡಿದ ಬೋರ್ಡಿಂಗ್ ಪಾಸ್: 50 ದಿನ ಅಂತ ನೀವೇ ಬರೆದು ಕೊಟ್ಟಿರಾ? ಅಯ್ಯೋ, ನನಗಿಂತ ಕಡೆ.

ಗೇಟ್ ಬದಲಾಗಿದೆ: ಕಿಟಕಿ ಸೀಟು ಅವರೇ, ನಿಮ್ಮ 19ನೇ ತಾರೀಕೇ ತಪ್ಪು. ಶನಿವಾರ ವರ್ಕಿಂಗ್ ಡೇ. ಎಣಿಸಿ ನೋಡಿ, 17ಕ್ಕೇ ಮುಗಿಯುತ್ತೆ.

ಕಿಟಕಿ ಸೀಟು: ಅವರ ರೀಫಂಡ್ ವಿಭಾಗಕ್ಕೆ ಶನಿವಾರ ರಜೆ, 23:50ಕ್ಕೆ ನಾನೇ ಕೇಳಿ ಹೇಳಿಸಿದ್ದೇನೆ. ನಿಮ್ಮ ಕಾಲಿನಲ್ಲಿ ಕೇಳಿದ್ದಿರಾ?

ಗೇಟ್ ಬದಲಾಗಿದೆ: ನನ್ನದು ಕಾಲ್ ಅಲ್ಲ, ಚಾಟ್.

ಕೌಂಟರ್ 4: ಹಾಗಾದರೆ ಇಷ್ಟು ಹೊತ್ತು ರೆಕಾರ್ಡಿಂಗ್ ಬಗ್ಗೆ ಹೆದರಿಸಿದ್ದು ಯಾಕೆ ಮಾರಾಯರೇ?