ಒಪ್ಪಿಕೊಂಡ ಆಫರ್ ಈಗ ಬೇಡ ಅಂತ ಹೇಳೋದು ಹೇಗೆ?

ಪ್ರಶ್ನೆ (ಟೆಸ್ಟಿಂಗ್ ಇಂಜಿನಿಯರ್, ಮೈಸೂರು): ಬೆಂಗಳೂರಿನ ಕಂಪನಿಯೊಂದರ ಆಫರ್‌ಗೆ ಹೋದ ವಾರ ಪೋರ್ಟಲ್‌ನಲ್ಲಿ ಒಪ್ಪಿಗೆ ಕೊಟ್ಟೆ. ಈಗಿನ ಕಂಪನಿಗೆ ರಾಜೀನಾಮೆ ಕೊಟ್ಟಾಗಿದೆ. ಸೇರಲು ಇನ್ನೂ ಐದು ವಾರ ಇದೆ. ಅಷ್ಟರಲ್ಲಿ ಮೈಸೂರಲ್ಲೇ ಕೆಲಸ ಸಿಕ್ಕಿದೆ. ಅಪ್ಪನಿಗೆ ಡಯಾಲಿಸಿಸ್ ನಡೀತಿದೆ, ಊರು ಬಿಡೋಕೆ ಮನಸ್ಸಿಲ್ಲ. ಆದರೆ ಆ ಟೀಮ್ ತುಂಬಾ ಇಷ್ಟವಾಗಿತ್ತು, ಮುಂದೆ ಅಲ್ಲಿಗೇ ಹೋಗುವ ಆಸೆ ಇದೆ. ಹೇಗೆ ಹೇಳಲಿ?

ಉತ್ತರ (ಐಟಿ ನೇಮಕಾತಿ ವಿಭಾಗದಲ್ಲಿರುವವರು): ಮೊದಲು ಒಂದು ಮಾತು. ಮೈಸೂರಿನವರ ಆಫರ್ ಲೆಟರ್ ಕೈಗೆ ಬಂದಿದೆಯಾ? ಬರೀ ಫೋನಲ್ಲಿ ಹೇಳಿದ್ದರೆ ಕಾಯಿರಿ. ನೋಟಿಸ್ ಪೀರಿಯಡ್ ಓಡ್ತಿರುವಾಗ ಎರಡೂ ಕೈತಪ್ಪಿದರೆ ಕಷ್ಟ. ಸಂಬಳ, ಸೇರುವ ದಿನಾಂಕ ಎರಡೂ ಇರುವ ಪತ್ರ ಬಂದ ಮೇಲೆ ಮಾತ್ರ ಮುಂದುವರಿಯಿರಿ. ಬಂದ ಮೇಲೆ ಒಂದು ದಿನವೂ ತಡ ಮಾಡಬೇಡಿ.

ಯಾಕೆ ಅಂದ್ರೆ, ನಿಮ್ಮ ಇಂಟರ್‌ವ್ಯೂ ಸುತ್ತಿನಲ್ಲಿ ಎರಡನೇ ಸ್ಥಾನದಲ್ಲಿದ್ದವರು ಈ ವಾರ ಇನ್ನೂ ಸಿಗಬಹುದು. ಮೂರು ವಾರ ಬಿಟ್ಟರೆ ಅವರು ಬೇರೆ ಕಡೆ ಒಪ್ಪಿಕೊಂಡಿರುತ್ತಾರೆ, ಮ್ಯಾನೇಜರ್ ಮೊದಲಿಂದ ಹುಡುಕಬೇಕು. ಆಫರ್ ಬಿಟ್ಟವರನ್ನು ನಾವು ಮರೆಯುತ್ತೇವೆ. ಸೇರುವ ದಿನ ಫೋನ್ ಆಫ್ ಮಾಡಿಕೊಂಡವರ ಹೆಸರು ಮಾತ್ರ ಸಿಸ್ಟಂನಲ್ಲಿ ಹಾಗೇ ಉಳಿಯುತ್ತದೆ, ಮತ್ತೆ ಅರ್ಜಿ ಹಾಕಿದಾಗ ಮೊದಲು ಕಾಣೋದೇ ಅದು.

ಮೊದಲ ಫೋನ್ ನಿಮ್ಮನ್ನು ಆರಿಸಿದ ಮ್ಯಾನೇಜರ್‌ಗೆ ಮಾಡಿ, ಆಮೇಲೆ ಎಚ್‌ಆರ್‌ಗೆ. ಮುಂದೆ ನಿಮ್ಮನ್ನು ಕರೆಯಬೇಕಾದವರು ಮ್ಯಾನೇಜರ್. ಸುದ್ದಿ ಅವರಿಗೆ ಎಚ್‌ಆರ್ ಬಾಯಿಂದ ತಲುಪಬಾರದು. ಯಾರಾದರೂ ಗೆಳೆಯರು ರೆಫರ್ ಮಾಡಿದ್ದರೆ ಅವರಿಗೆ ಇನ್ನೂ ಮೊದಲು ಹೇಳಿ. ಅವರ ರೆಫರಲ್ ಹಣ ಹೋಗುತ್ತದೆ, ಜೊತೆಗೆ ಮ್ಯಾನೇಜರ್ ಮುಂದೆ ಮುಖ ತೋರಿಸಬೇಕಾದವರೂ ಅವರೇ.

ಫೋನಲ್ಲಿ ಎರಡು ನಿಮಿಷ ಸಾಕು. ಅದೇ ದಿನ ಇಬ್ಬರಿಗೂ ಸೇರಿಸಿ ಒಂದು ಮೇಲ್ ಹಾಕಿ. ಅದರಲ್ಲಿ ಇಷ್ಟಿದ್ದರೆ ಸಾಕು:

"ಇವತ್ತು ಫೋನಲ್ಲಿ ತಿಳಿಸಿದಂತೆ, ಮನೆಯ ಕಾರಣದಿಂದ ಸದ್ಯಕ್ಕೆ ಮೈಸೂರು ಬಿಡಲು ಆಗುತ್ತಿಲ್ಲ. ಆದ್ದರಿಂದ ಈ ಕೆಲಸಕ್ಕೆ ಸೇರುತ್ತಿಲ್ಲ. ಒಪ್ಪಿಕೊಂಡ ಮೇಲೆ ಹೀಗೆ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ. ಎರಡನೇ ಸುತ್ತಿನಲ್ಲಿ ಪೇಮೆಂಟ್ ಟೆಸ್ಟಿಂಗ್ ಬಗ್ಗೆ ನೀವು ತೋರಿಸಿದ ಕೆಲಸ ನಿಜಕ್ಕೂ ಹಿಡಿಸಿತ್ತು. ಮುಂದೆ ಬೆಂಗಳೂರಿಗೆ ಬರುವಂತಾದರೆ ನಿಮ್ಮನ್ನು ಸಂಪರ್ಕಿಸಬಹುದೇ?"

ಪೇಮೆಂಟ್ ಟೆಸ್ಟಿಂಗ್ ಅಂದದ್ದು ಉದಾಹರಣೆಗೆ. ಆ ಜಾಗದಲ್ಲಿ ನಿಮಗೆ ನಿಜವಾಗಿ ಹಿಡಿಸಿದ್ದನ್ನು ಬರೆಯಿರಿ. ಬಾಗಿಲು ತೆರೆದಿಡೋದು ಅದೇ ಸಾಲು. ಸುಮ್ನೆ "ನಿಮ್ಮ ಸಂಸ್ಥೆ ತುಂಬಾ ಚೆನ್ನಾಗಿದೆ" ಅಂದರೆ ಯಾರಿಗೂ ನೆನಪಿರಲ್ಲ. ಕೊನೆಗೆ ಪೋರ್ಟಲ್‌ನಲ್ಲೂ ನಿರಾಕರಣೆ ದಾಖಲಾಗಿದೆಯಾ ನೋಡಿ, ಆಗದಿದ್ದರೆ ಎಚ್‌ಆರ್‌ಗೆ ಕೇಳಿ.

ಸದಸ್ಯರೊಬ್ಬರು: ಫೋನ್ ಎಲ್ಲ ಯಾಕೆ? ಮೇಲ್ ಹಾಕಿ ಸಾಕು, ದಾಖಲೆ ಇರುತ್ತೆ. ಫೋನ್ ಮಾಡಿದ್ರೆ ಒತ್ತಾಯ ಮಾಡ್ತಾರೆ ಅಷ್ಟೇ.

ಉತ್ತರ: ದಾಖಲೆ ಬೇಕು ಅನ್ನೋದು ಸರಿ, ಅದಕ್ಕೇ ಮೇಲ್ ಕೂಡ ಹೇಳಿದ್ದು. ಇನ್ನೂ ಒಪ್ಪಿಕೊಳ್ಳದ ಆಫರ್ ಆಗಿದ್ದರೆ ಮೇಲ್ ಒಂದೇ ಸಾಕಿತ್ತು. ಇಲ್ಲಿ ಮಾತು ಕೊಟ್ಟಾಗಿದೆ ಅಲ್ವಾ? ಕೊಟ್ಟ ಮಾತು ವಾಪಸ್ ತಗೊಳ್ಳುವಾಗ ಧ್ವನಿ ಕೇಳಿಸಬೇಕು.

ಇನ್ನೊಬ್ಬರು (ಹುಬ್ಬಳ್ಳಿ): ನನಗೆ ಸೇರೋ ಹಿಂದಿನ ವಾರ ಕಂಪನಿಯವರೇ ಆಫರ್ ರದ್ದು ಮಾಡಿದ್ರು. ಒಂದು ಸಾಲಿನ ಮೇಲ್, ಅಷ್ಟೇ. ಅವರಿಗಿಲ್ಲದ ಮರ್ಯಾದೆ ನಮಗ್ಯಾಕೆ?

ಉತ್ತರ: ನಿಮಗಾದದ್ದು ಅನ್ಯಾಯ, ಸರ್. ಆದರೆ ಇವರು ಅದೇ ಮ್ಯಾನೇಜರ್ ಹತ್ತಿರ ಮತ್ತೆ ಹೋಗಬೇಕು ಅಂತಿದ್ದಾರೆ. ಅವರ ಲೆಕ್ಕವೇ ಬೇರೆ.

ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಲೆಟರ್ ಕೈಯಲ್ಲಿದೆ. ಎಲ್ಲಿಗೆ ಸೇರ್ತಿದ್ದೀರಿ ಅಂತ ಕೇಳಿದ್ರೆ ಹೇಳಬೇಕಾ? "ಮನೆಯಿಂದಲೇ ಕೆಲಸ ಮಾಡಿ" ಅಂದುಬಿಟ್ಟರೆ?

ಉತ್ತರ: ಕಂಪನಿ ಹೆಸರು ಹೇಳಬೇಕಿಲ್ಲ. "ಮೈಸೂರಲ್ಲೇ ಕೆಲಸ ಸಿಕ್ಕಿದೆ" ಅನ್ನಿ. ಸುಳ್ಳು ಮಾತ್ರ ಬೇಡ, ಲಿಂಕ್ಡ್‌ಇನ್‌ನಲ್ಲಿ ಎಲ್ಲ ಕಾಣುತ್ತೆ.

ಎರಡನೆಯದನ್ನು ಫೋನ್ ಮಾಡುವ ಮೊದಲೇ ಯೋಚಿಸಿ. ಮನೆಯಿಂದ ಕೆಲಸ ಸಿಕ್ಕರೆ ನೀವು ಒಪ್ಪುವಿರಾದರೆ, ಬೇಡ ಅನ್ನೋ ಫೋನ್ ಮಾಡಲೇಬೇಡಿ. ಅಪ್ಪನ ವಿಷಯ ಹೇಳಿ, ಅದನ್ನೇ ನೇರವಾಗಿ ಕೇಳಿ. ಬೇಡ ಅಂದು, ಅವರು ಏನೋ ಕೊಟ್ಟ ಮೇಲೆ ಹೂಂ ಅಂದರೆ ಚೌಕಾಸಿ ಮಾಡಿದ ಹಾಗೆ ಕಾಣುತ್ತದೆ.

ಮೊದಲ ಸದಸ್ಯರು: ಬಾಯಲ್ಲಿ ಕೊಟ್ಟ ವರ್ಕ್ ಫ್ರಂ ಹೋಮ್ ಮೂರು ತಿಂಗಳಿಗೆ ವಾಪಸ್ ತಗೋತಾರೆ, ನಂಬಬೇಡಿ.

ಉತ್ತರ: ಅದು ನಿಜ, ಆಗುತ್ತದೆ. ಆಫರ್ ಲೆಟರ್‌ನಲ್ಲಿ ಬರೆಸಿಕೊಂಡರೂ ಪಾಲಿಸಿ ಬದಲಾಗಬಹುದು. ಡಯಾಲಿಸಿಸ್‌ಗೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ ಹೋಗಬೇಕಲ್ವಾ? ಆ ದಿನಗಳಲ್ಲಿ ಅಪ್ಪನ ಜೊತೆ ಯಾರಿರುತ್ತಾರೆ ಅಂತ ಮನೆಯಲ್ಲಿ ಮಾತಾಡಿ, ಆಮೇಲೆ ಫೋನ್ ಮಾಡಿ.