ಅಪ್‌ಡೇಟ್: ಕಿವಿಯೋಲೆ ಬಿದ್ದ ಹಸುವಿನ ವಿಮೆ

ನಾನು ಕೇಳಿದ್ದು: "ವಿಮೆ ಮಾಡಿಸಿದ ಹಸುವಿನ ಕಿವಿಯೋಲೆ ಕಿತ್ತುಬಿದ್ದಿದೆ. ಹೊಸದು ಹಾಕಿಸಿದರೆ ಸಾಕಾ?"

ಸಾಲದು. ವಿಮಾ ಕಂಪನಿಗೆ ಹಸುವನ್ನು ಗುರುತಿಸಲು ಓಲೆಯ ಸಂಖ್ಯೆಯೇ ಆಧಾರ. ಪಾಲಿಸಿಯಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದರೆ, ಹಸು ಸತ್ತಾಗ ಕಂಪನಿ ಅದನ್ನು ಬೇರೆ ಹಸು ಎಂದೇ ಹೇಳಬಹುದು.

ಓಲೆ ಬಿದ್ದ ಕೂಡಲೇ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಇಟ್ಟುಕೊಂಡೆ. ಪಶುವೈದ್ಯರು ಹೊಸ ಓಲೆ ಹಾಕಿ ಪ್ರಮಾಣಪತ್ರ ಕೊಟ್ಟರು. ಅದರಲ್ಲಿ ಹಳೆಯ ಮತ್ತು ಹೊಸ ಸಂಖ್ಯೆ ಎರಡೂ ಇರಬೇಕು. ಜೊತೆಗೆ ಬಣ್ಣ, ಕೊಂಬಿನ ಆಕಾರ, ಹಣೆಯ ಬಿಳಿ ಮಚ್ಚೆ, ಬಾಲದ ತುದಿಯ ಬಣ್ಣ ಮೂಲ ಪ್ರಮಾಣಪತ್ರಕ್ಕೆ ಹೊಂದಬೇಕು. "ಕಪ್ಪು ಬಿಳುಪು ಹಸು" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ, ಅಂಥವು ಕೊಟ್ಟಿಗೆ ತುಂಬ ಇರುತ್ತವೆ. ಸಂಖ್ಯೆ ಓದುವಂತೆ ತಲೆಯ ಫೋಟೊ, ಇಡೀ ಹಸುವಿನ ಫೋಟೊ ಎರಡನ್ನೂ ಲಗತ್ತಿಸಿದೆ. ಕಂಪನಿಯಿಂದ ತಿದ್ದುಪಡಿ ಪತ್ರ ಬಂದ ಮೇಲೆಯೇ ಕೆಲಸ ಮುಗಿದಂತೆ.

ಓಲೆ ಕಿವಿಯ ಅಂಚಿಗೆ ಹತ್ತಿರವಿದ್ದರೆ ಗೊಂತಿಗೆ ಸಿಕ್ಕಿ ಹರಿಯುತ್ತದೆ. ಕಿವಿಯ ನಡುಭಾಗದಲ್ಲಿ, ರಕ್ತನಾಳ ತಪ್ಪಿಸಿ ಹಾಕಿಸಿ.

ಹಸು ಸತ್ತರೆ ತಪಾಸಣೆಗೆ ಮೊದಲು ಓಲೆ ಬಿಚ್ಚಬೇಡಿ. ಕಂಪನಿಗೆ ತಕ್ಷಣ ತಿಳಿಸಿ. ತಪಾಸಣೆ, ಮರಣೋತ್ತರ ಪರೀಕ್ಷೆ ಆಗುವವರೆಗೆ ಹೂಳಬೇಡಿ. ಆ ವರದಿಯಲ್ಲೂ ಹೊಸ ಸಂಖ್ಯೆಯೇ ಇದೆಯೇ ಎಂದು ಅಲ್ಲೇ ಓದಿ ನೋಡಿ.